ಪಕ್ಷದವರು ಮನೆಗೆ ಬಂದು ‘ನಿಂದ್ರು’ ಅಂದಾಗ: ಊರಲ್ಲಿ ಇದ್ದುಕೊಂಡೇ ‘ಇಲ್ಲ’ ಹೇಳುವುದು ಹೇಗೆ

2020ರ ನವೆಂಬರ್ 30ರಂದು ಗ್ರಾಮ ಪಂಚಾಯಿತಿ ಚುನಾವಣೆ ಘೋಷಣೆ ಆಯ್ತು. ಮೂರನೇ ದಿನಕ್ಕೆ ನಮ್ಮ ಓಣಿಯ ಹಿರಿಯರೊಬ್ಬರು ಇಬ್ಬರು ಹುಡುಗರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಅವರನ್ನು ಕಾಕಾ ಅಂತ ಕರೆಯುತ್ತೇನೆ. ನಮ್ಮದು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಊರು. ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ. ಓಣಿಯ ಮಹಿಳಾ ಸಂಘಕ್ಕೆ ಆಗ ನಾನೇ ಅಧ್ಯಕ್ಷೆ.

ಕಾಕಾ ಕಟ್ಟೆ ಮೇಲೆ ಕೂತು ನನ್ನ ಗಂಡನ ಹತ್ತಿರ ಮಾತಾಡಿದರು. “ಈ ಸಲ ನಮ್ಮ ವಾರ್ಡಿಗೆ ಸಾಮಾನ್ಯ ಮಹಿಳೆ ಬಂದದ. ನಿನ್ನ ಹೆಂಡತಿನ್ನ ನಿಂದ್ರಸ್ತೀವಿ. ಪಕ್ಷದೋರು ಹ್ಞೂಂ ಅಂದಾರ. ಏನಂತಿ?” ನಾನು ಒಳಗೆ ಮಷೀನ್ ಮುಂದೆ ಕೂತಿದ್ದೆ, ಎಲ್ಲವೂ ಕೇಳಿಸುತ್ತಿತ್ತು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಚಾ ಕೊಡೋಕೆ ಹೋದಾಗ ಕಾಕಾ, “ಏನ್ ತಂಗಿ, ಮೆಂಬರ್ ಆಗ್ತಿ ಈಗ” ಅಂದರು. ನನಗೆ ಏನು ಹೇಳಬೇಕು ತಿಳಿಯಲಿಲ್ಲ. “ನೋಡೋಣ್ರಿ ಕಾಕಾ” ಅಂದುಬಿಟ್ಟೆ.

ಆ ಒಂದು ಮಾತಿನಿಂದ ಹಲವು ದಿನ ನಿದ್ದೆ ಇಲ್ಲ. ಕೊನೆಗೆ ‘ಇಲ್ಲ’ ಅಂತ ಹೇಳಿದೆ. ಕಾಕಾನ ಮನೆಯ ಸಂಬಂಧವೂ ಕೆಡಲಿಲ್ಲ. ಆಮೇಲೆ ಸಂಘದ ಬೇರೆ ಹೆಣ್ಣುಮಕ್ಕಳಿಗೂ ಇದೇ ಸಂಕಟ ಬಂದಾಗ ಜೊತೆಗೆ ಕೂತು ದಾರಿ ಹುಡುಕಿದ್ದೇನೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚುನಾವಣೆಗೆ ನಿಲ್ಲುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಲ್ಲುವ ಮನಸ್ಸಿದ್ದವರು ನಿಲ್ಲಲಿ, ಗೆಲ್ಲಲಿ. ಮನಸ್ಸಿಲ್ಲದವರನ್ನು ಎಳೆದು ನಿಲ್ಲಿಸುತ್ತಾರಲ್ಲ, ಅವರಿಗಾಗಿ ಇದು.

ಮೊದಲು ತಿಳಿಯಬೇಕಾದ್ದು: ನಿಮ್ಮ ಹತ್ತಿರವೇ ಯಾಕೆ ಬಂದರು?

ಇದು ತಿಳಿದರೆ ಅರ್ಧ ಭಾರ ಇಳಿಯುತ್ತದೆ. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಗ್ರಾಮ ಪಂಚಾಯಿತಿ ಸದಸ್ಯರು ಇರುತ್ತಾರೆ. ಅದರಲ್ಲಿ ಮಕ್ಕಳನ್ನು ತೆಗೆದರೆ ಒಂದು ಸೀಟಿನ ಲೆಕ್ಕಕ್ಕೆ ಬರುವ ಮತದಾರರು ಇನ್ನೂ ಕಡಿಮೆ. ನಮ್ಮ ಸಂಘದಲ್ಲಿ 14 ಮಂದಿ. ಮನೆಗೆ ನಾಲ್ಕು ವೋಟು ಹಿಡಿದರೂ 56 ಆಯ್ತು. ಹತ್ತಿಪ್ಪತ್ತು ವೋಟಿನಲ್ಲಿ ಸೋಲು ಗೆಲುವು ಆಗುವ ಕಡೆ 56 ಸಣ್ಣ ಮಾತಲ್ಲ. ಮೇಲಾಗಿ ಅರ್ಧದಷ್ಟು ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಮೀಸಲಾತಿ ಪಟ್ಟಿ ಹೊರಬಂದ ದಿನವೇ ಹುಡುಕಾಟ ಶುರು. ಯಾರ ಹೆಸರು ಕೆಟ್ಟಿಲ್ಲ, ಯಾರಿಗೆ ಓದು ಬರಹ ಬರುತ್ತದೆ, ಯಾರ ಮಾತು ನಾಲ್ಕು ಮನೆ ಕೇಳುತ್ತದೆ, ಅಂಥವರ ಬಾಗಿಲಿಗೆ ಬರುತ್ತಾರೆ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಪಕ್ಷದವರು ಕೊಡುವುದು ಬೆಂಬಲ ಅಷ್ಟೇ. ಪೇಪರಿನಲ್ಲಿ ‘ಬೆಂಬಲಿತ ಅಭ್ಯರ್ಥಿ’ ಅಂತ ಬರುವುದು ಅದಕ್ಕೇ. ಟಿಕೆಟ್, ಬಿ ಫಾರ್ಮ್ ಎಲ್ಲ ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಯ ಮಾತು. ಹಾಗಾಗಿ “ನಿನಗ ಟಿಕೆಟ್ ಫಿಕ್ಸ್ ಮಾಡೇವಿ, ಈಗ ಬ್ಯಾಡ ಅಂದ್ರ ಪಕ್ಷಕ್ಕ ಅವಮಾನ” ಅಂತ ಯಾರಾದರೂ ಅಂದರೆ ಗಾಬರಿ ಆಗಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷ ಕೊಡುವ ಟಿಕೆಟ್ ಅನ್ನುವುದೇ ಇಲ್ಲ.

ದಿನಗಳನ್ನು ಬರೆದಿಟ್ಟುಕೊಳ್ಳಿ

ಈ ಒತ್ತಡ ವರ್ಷಗಟ್ಟಲೆ ಇರುವುದಲ್ಲ. ಅದಕ್ಕೆ ಒಂದು ಶುರು, ಒಂದು ಕೊನೆ ಇದೆ. 2020ರ ಮೊದಲ ಹಂತದ ದಿನಗಳು ಹೀಗಿದ್ದವು. ಡಿಸೆಂಬರ್ 7, ಸೋಮವಾರ ಅಧಿಸೂಚನೆ. 11, ಶುಕ್ರವಾರ ನಾಮಪತ್ರ ಕೊಡಲು ಕೊನೆ ದಿನ. 12ಕ್ಕೆ ಪರಿಶೀಲನೆ. 14, ಸೋಮವಾರ ವಾಪಸ್ ತೆಗೆದುಕೊಳ್ಳಲು ಕೊನೆ ದಿನ. 22ಕ್ಕೆ ಮತದಾನ. ನಮ್ಮದು ಮೊದಲ ಹಂತ.

ಅಂದರೆ ‘ನಿಂದ್ರು ನಿಂದ್ರು’ ಅನ್ನುವ ಗದ್ದಲ 11ನೇ ತಾರೀಕು ಮಧ್ಯಾಹ್ನಕ್ಕೆ ತಾನಾಗೇ ನಿಲ್ಲುತ್ತದೆ. ಅಲ್ಲಿಯವರೆಗೆ ನಿಮ್ಮ ಸಹಿ ಬೀಳದಂತೆ ನೋಡಿಕೊಂಡರೆ ಸಾಕು. ನಿಮ್ಮ ಕಡೆ ಚುನಾವಣೆ ಘೋಷಣೆ ಆದ ದಿನವೇ ಈ ಐದು ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನಾನು ಮಷೀನ್ ಪಕ್ಕದ ಗೋಡೆ ಮೇಲೆ ಚಾಕ್‌ನಲ್ಲಿ ಬರೆದಿದ್ದೆ.

ಆದರೆ ಆ ದಿನದವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಡಿ. ಕೊನೇ ದಿನ ‘ಇಲ್ಲ’ ಅಂದರೆ ಅವರಿಗೆ ಬೇರೆಯವರನ್ನು ಹುಡುಕಲು ಸಮಯ ಇರುವುದಿಲ್ಲ. ಆಗ ಅದು ನಿಜವಾಗಿ ಮೋಸ ಅನ್ನಿಸುತ್ತದೆ, ಸಿಟ್ಟು ಉಳಿಯುತ್ತದೆ. ಅಧಿಸೂಚನೆಗೆ ಮೊದಲೇ ಹೇಳಿದರೆ ಮರ್ಯಾದೆ ಎರಡೂ ಕಡೆ ಉಳಿಯುತ್ತದೆ.

‘ನೋಡೋಣ’ ಅನ್ನಬೇಡಿ

ಇಡೀ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಬೇರೆ ದಿನ ನಮ್ಮ ಕಡೆ ‘ನೋಡೋಣ್ರಿ’ ಅಂದರೆ ಇಲ್ಲ ಅಂತಲೇ ಅರ್ಥ. ಸಾಲ ಕೇಳಿದವರಿಗೆ ನೋಡೋಣ ಅಂದರೆ ಅವರು ಸುಮ್ನೆ ಎದ್ದು ಹೋಗುತ್ತಾರೆ. ಚುನಾವಣೆ ಹೊತ್ತಿನಲ್ಲಿ ಮಾತ್ರ ಅದರ ಅರ್ಥ ತಿರುಗಿಬಿಡುತ್ತದೆ. ನಾನು ಕಾಕಾಗೆ ನೋಡೋಣ ಅಂದದ್ದು ಮುಂಜಾನೆ. ಸಂಜೆ ನೀರು ತರಲು ಹೋದಾಗ ನಳದ ಹತ್ತಿರ ಒಬ್ಬಾಕೆ, “ವೈನಿ, ನೀವ್ ನಿಂತೀರಂತಲ್ಲ” ಅಂದಳು. ಮರುದಿನ ಇನ್ನೊಂದು ಪಕ್ಷದ ಕಡೆಯವರು ನನ್ನ ಗಂಡನ ಹತ್ತಿರ ಮಾತೇ ಆಡಲಿಲ್ಲ. ನಾನು ಇನ್ನೂ ಏನೂ ತೀರ್ಮಾನ ಮಾಡಿರಲಿಲ್ಲ. ಊರು ಮಾಡಿಬಿಟ್ಟಿತ್ತು.

‘ಮನ್ಯಾಗ ಕೇಳಿ ಹೇಳ್ತೀನಿ’ ಅನ್ನುವುದೂ ಹಾಗೇ. ಆಗ ಅವರು ನಿಮ್ಮನ್ನು ಬಿಟ್ಟು ಮನೆಯವರ ಹಿಂದೆ ಬೀಳುತ್ತಾರೆ. ನಿಮ್ಮ ಅತ್ತೆಯನ್ನು ಗುಡಿ ಹತ್ತಿರ ಹಿಡಿದು ಮಾತಾಡಿಸುತ್ತಾರೆ, ಮೈದುನನನ್ನು ಹೋಟೆಲಿಗೆ ಕರೆದುಕೊಂಡು ಹೋಗುತ್ತಾರೆ.

ಇನ್ನೊಂದು ತಪ್ಪು, ನೆವ ಹೇಳುವುದು. ನಾನೂ ಹೇಳಿದೆ. ಒಂದೊಂದು ನೆವಕ್ಕೂ ಅವರ ಹತ್ತಿರ ಉತ್ತರ ಸಿದ್ಧ ಇತ್ತು.

“ನಮ್ಮ ಹತ್ರ ರೊಕ್ಕ ಇಲ್ರಿ” ಅಂದೆ. “ರೊಕ್ಕ ನಾವ್ ಹಾಕ್ತೀವಿ ತಂಗಿ.”

“ನನಗ ಓಡ್ಯಾಡಾಕ ಆಗಂಗಿಲ್ರಿ.” “ನೀ ಮನ್ಯಾಗ ಕೂಡು, ನಾವ್ ಓಡ್ಯಾಡ್ತೀವಿ.”

“ಅತ್ತಿಗಿ ಆರಾಮಿಲ್ರಿ.” “ಕಲಬುರಗಿ ದವಾಖಾನಿಗಿ ತೋರ್ಸಾಣ, ಗಾಡಿ ನಮ್ದೇ.”

ನೋಡಿ, ನೆವ ಅಂದರೆ ಅವರ ಕಿವಿಗೆ ಷರತ್ತು. ಅದೊಂದು ತೀರಿಸಿದರೆ ಇವಳು ಒಪ್ಪುತ್ತಾಳೆ ಅಂತ ಅವರು ತಿಳಿಯುತ್ತಾರೆ. ಮೂರು ಷರತ್ತು ತೀರಿಸಿದ ಮೇಲೂ ನೀವು ಇಲ್ಲ ಅಂದರೆ ಅವರಿಗೆ ಬೇಜಾರಾಗುವುದು ಸಹಜ ಅಲ್ವಾ? ಸುಳ್ಳು ನೆವ ಇನ್ನೂ ಕೆಟ್ಟದ್ದು. ಮೈಯಲ್ಲಿ ಆರಾಮಿಲ್ಲ ಅಂದವರು ಸಂತೆಯಲ್ಲಿ ಕಂಡರೆ ಮುಗೀತು.

ಕಾರಣ ಬೇಡ, ತೀರ್ಮಾನ ಹೇಳಿ. ನಾನು ಕೊನೆಗೆ ಕಟ್ಟಿಕೊಂಡ ಮಾತು ಇದು:

“ಕಾಕಾ, ನೀವು ನನ್ನ ಹೆಸರು ತಗೊಂಡ್ರಿ, ಅದು ನನಗ ದೊಡ್ಡದು. ಆದ್ರ ನಾ ಚುನಾವಣಿಗಿ ನಿಲ್ಲಂಗಿಲ್ರಿ. ಯಾರ ಕಡಿಂದನೂ ನಿಲ್ಲಂಗಿಲ್ಲ. ಇದು ವಿಚಾರ ಮಾಡಿನೇ ಹೇಳಾಕತ್ತೀನಿ.”

ಇದರಲ್ಲಿ ನಾಲ್ಕು ಮಾತಿವೆ, ನಾಲ್ಕೂ ಬೇಕು. ಮೊದಲನೆಯದು ಗೌರವ. ಎರಡನೆಯದು ಸ್ಪಷ್ಟ ‘ಇಲ್ಲ’. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಳ್ಳಿಯಲ್ಲಿ ಒಬ್ಬರಿಗೆ ಇಲ್ಲ ಅಂದರೆ ಇನ್ನೊಬ್ಬರಿಗೆ ಹ್ಞೂಂ ಅಂದಂತೆ ಲೆಕ್ಕ. ‘ಯಾರ ಕಡಿಂದನೂ’ ಅನ್ನುವ ಮಾತು ಆ ಅನುಮಾನಕ್ಕೆ ಬಾಗಿಲು ಹಾಕುತ್ತದೆ. ನಾಲ್ಕನೆಯದು, ನಾಳೆ ಮತ್ತೆ ಬಂದು ಕೇಳಬೇಡಿ ಅನ್ನುವ ಸೂಚನೆ.

‘ಯಾಕ?’ ಅಂತ ಕೇಳೇ ಕೇಳುತ್ತಾರೆ. “ನನಗ ಮನಸಿಲ್ರಿ ಕಾಕಾ” ಅನ್ನಿ. ಅದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ. ಐದು ಸಲ ಕೇಳಿದರೆ ಐದು ಸಲ ಅದೇ ಮಾತು, ಅದೇ ದನಿ. ಮಾತು ಬದಲಿಸಿದರೆ ಮತ್ತೆ ಚೌಕಾಶಿ ಶುರು ಆಗುತ್ತದೆ.

ಮನೆಯಲ್ಲಿ ಎಲ್ಲರದೂ ಒಂದೇ ಮಾತು ಇರಲಿ, ಹೇಳುವವರು ನೀವೇ ಇರಲಿ

ಅಭ್ಯರ್ಥಿ ಹೆಣ್ಣುಮಗಳಾದರೆ ಮಾತು ಗಂಡಸರ ನಡುವೆಯೇ ಮುಗಿದುಹೋಗುತ್ತದೆ. ನನ್ನ ಗಂಡನಿಗೂ ನಾನು ನಿಲ್ಲುವುದು ಬೇಡವಾಗಿತ್ತು. ಆದರೆ ಕಾಕಾನ ಮುಂದೆ “ಆಕಿನ್ನೇ ಕೇಳ್ರಿ” ಅಂದರು, ನಕ್ಕರು. ನಗು ಕೂಡ ಒಪ್ಪಿಗೆಯೇ ಆಯ್ತು.

ಆ ರಾತ್ರಿ ಊಟ ಆದ ಮೇಲೆ ಅತ್ತೆ, ಗಂಡ, ಮೈದುನ ಎಲ್ಲರನ್ನೂ ಕೂಡಿಸಿ ಹೇಳಿದೆ. ಯಾರು ಕೇಳಿದರೂ ಮನೆಯವರು ಹೇಳಬೇಕಾದ್ದು ಒಂದೇ ಮಾತು: “ಆಕಿ ಇಲ್ಲ ಅಂದಾಳ, ನಾವೂ ಅದೇ ಮಾತಿಗಿ ಇದ್ದೀವಿ.” ‘ನಾವು ಬೇಡ ಅಂದೀವಿ’ ಅನ್ನಬಾರದು. ಹಾಗಂದರೆ ಮನೆಯವರನ್ನು ಒಪ್ಪಿಸಲು ಬರುತ್ತಾರೆ. ನಾಮಪತ್ರದ ಮೇಲೆ ಬೀಳುವುದು ನಿಮ್ಮ ಸಹಿ. ಉತ್ತರವೂ ನಿಮ್ಮ ಬಾಯಿಂದಲೇ ಬರಬೇಕು.

ನೀವೇ ಅವರ ಮನೆಗೆ ಹೋಗಿ ಹೇಳುವುದು ಇನ್ನೂ ಒಳ್ಳೆಯದು. ನಿಮ್ಮ ಕಟ್ಟೆ ಮೇಲೆ ಹತ್ತು ಜನರ ಮುಂದೆ ಹೇಳಿದರೆ ಹಿರಿಯರಿಗೆ ಮುಖ ಹೋದಂತಾಗುತ್ತದೆ. ಅವರ ಮನೆಯಲ್ಲಿ, ಅವರ ಹೆಂಡತಿ ಎದುರಿಗೆ, ಹುಡುಗರು ಇಲ್ಲದ ಹೊತ್ತಿನಲ್ಲಿ ಹೇಳಿ. ನಾನು ಅತ್ತೆಯನ್ನು ಕರೆದುಕೊಂಡು ಮುಂಜಾನೆ ಎಂಟರ ಹೊತ್ತಿಗೆ ಹೋದೆ. ಚಾ ಕುಡಿದೆ, ಮಾತು ಹೇಳಿದೆ, ಹತ್ತು ನಿಮಿಷಕ್ಕೆ ಎದ್ದೆ. ಜಾಸ್ತಿ ಹೊತ್ತು ಕೂತರೆ ಮನಸ್ಸು ಕರಗುತ್ತದೆ, ಅದು ನನಗೆ ಗೊತ್ತಿತ್ತು.

ಜೆರಾಕ್ಸ್, ಫೋಟೋ, ಸಹಿ

ಬಾಯಲ್ಲಿ ಇಲ್ಲ ಅಂದು ಕೈಯಲ್ಲಿ ಕಾಗದ ಕೊಟ್ಟರೆ ಬಾಯಿ ಮಾತಿಗೆ ಬೆಲೆ ಇರುವುದಿಲ್ಲ. ‘ಸುಮ್ನ ಒಂದು ಆಧಾರ್ ಜೆರಾಕ್ಸ್ ಕೊಡು, ಇಟ್ಕೊಂಡಿರ್ತೀವಿ’ ಅನ್ನುತ್ತಾರೆ. ಮತದಾರರ ಪಟ್ಟಿಯ ಕ್ರಮ ಸಂಖ್ಯೆ, ಜಾತಿ ಪ್ರಮಾಣಪತ್ರ, ಎರಡು ಫೋಟೋ ಕೇಳುತ್ತಾರೆ. ಇವೆಲ್ಲ ನಾಮಪತ್ರಕ್ಕಾಗಿಯೇ ಕೇಳುವವು. ಇವನ್ನು ಕೊಡುವುದೆಂದರೆ ಅರ್ಧ ಹ್ಞೂಂ ಅಂದ ಹಾಗೆ.

ನಮ್ಮ ಮನೆಯಲ್ಲಿ ಮೈದುನ ಕೊಟ್ಟುಬಿಟ್ಟಿದ್ದ. ನಾನು ಎಲ್ಲರನ್ನೂ ಕೂಡಿಸಿ ಹೇಳುವ ಮೊದಲೇ ಅವರು ಕೇಳಿದ್ದರು, ಇವನು ಕೊಟ್ಟಿದ್ದ. ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ 10, ಗುರುವಾರ. ಮಧ್ಯಾಹ್ನ ಕಾಕಾನ ಜೊತೆಗಿದ್ದ ಒಬ್ಬ ಹುಡುಗ ಬಂದ. ಗಂಡ ತೊಗರಿ ಕೊಯ್ಯೋಕೆ ಹೊಲಕ್ಕೆ ಹೋಗಿದ್ದರು. ಅವನು ಒಂದು ಫೈಲ್ ತೆಗೆದು ಹೊಲಿಗೆ ಮಷೀನ್ ಹಲಗೆ ಮೇಲೆ ಇಟ್ಟ. ಅರ್ಧ ಹೊಲಿದ ಜಂಪರಿನ ಒಂದು ತೋಳು ಸೂಜಿ ಕೆಳಗೇ ಇತ್ತು. ಅದರ ಮೇಲೆಯೇ ಕಾಗದ. ನನ್ನ ಹೆಸರು, ಗಂಡನ ಹೆಸರು, ವಯಸ್ಸು, ಮನೆ ನಂಬರ್ ಎಲ್ಲ ತುಂಬಿತ್ತು. ಸೂಚಕರ ಸಹಿಯೂ ಆಗಿತ್ತು. ನನ್ನ ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುಣಾಕಾರದ ಗುರುತು. “ಇಲ್ಲೊಂದು ಸೈ ಮಾಡ್ರಿ ಅಕ್ಕ. ನಿಲ್ಲೋದು ಬಿಡೋದು ಆಮ್ಯಾಲ ನೋಡಾಣ. ಬ್ಯಾಡಂದ್ರ ವಾಪಸ್ ತಗೊಂಡ್ರ ಆಯ್ತು” ಅಂದ.

ಈ ಮಾತಿಗೆ ಬಹಳ ಜನ ಬೀಳುತ್ತಾರೆ. ವಾಪಸ್ ತೆಗೆದುಕೊಳ್ಳಬಹುದು, ಅದು ನಿಜ. ಆದರೆ ಅದಕ್ಕೆ ಇರುವ ದಿನ ಎರಡು ಮೂರು. ಒಮ್ಮೆ ಹೆಸರು ಬೋರ್ಡಿಗೆ ಬಂದ ಮೇಲೆ ವಾಪಸ್ ತೆಗೆದರೆ ‘ಎಷ್ಟು ರೊಕ್ಕಕ್ಕ ತೆಗೆದ್ಲು’ ಅಂತ ಊರು ಕೇಳುತ್ತದೆ. ಸಹಿಗೆ ಮೊದಲು ಇಲ್ಲ ಅಂದರೆ ಅಂಥ ಮಾತು ಹುಟ್ಟುವುದಿಲ್ಲ.

ನಾನು ಕಾಗದ ಎತ್ತಿ ಫೈಲಿನೊಳಗೆ ಇಟ್ಟೆ. ಪೆನ್ ಮುಟ್ಟಲಿಲ್ಲ. “ತಮ್ಮಾ, ನಾ ಕಾಕಾಗ ಹೇಳೀನಿ. ಸೈ ಮಾಡಂಗಿಲ್ಲ. ಇದರಾಗಿನ ನನ್ನ ಆಧಾರ್ ಜೆರಾಕ್ಸ್ ನನಗ ಕೊಡು” ಅಂದೆ. ಅವನು ಗೊಣಗಿದ. ನಾನು ಕೈ ಚಾಚಿಕೊಂಡೇ ಇದ್ದೆ. ಕೊಟ್ಟ.

ಸೂಚಕರ ಸಹಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮನ್ನು ನಿಲ್ಲು ಅನ್ನದೆ, ಬೇರೆಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕು ಅನ್ನಬಹುದು. ಅದೂ ದಾಖಲೆಯೇ. ಆ ಕಾಗದದಲ್ಲಿ ನೀವು ಯಾರ ಕಡೆ ಅಂತ ಬರೆದುಕೊಟ್ಟಂತೆ. ಬೇಡ ಅನ್ನುವುದಿದ್ದರೆ ಅದಕ್ಕೂ ಬೇಡ ಅನ್ನಿ.

ಸಹಿ ಆಗಿಹೋಗಿದ್ದರೆ

ಕಾಗದ ಇನ್ನೂ ಕಚೇರಿಗೆ ಹೋಗಿಲ್ಲ ಅಂದರೆ ಅದೇ ದಿನ ಹೋಗಿ ವಾಪಸ್ ಕೇಳಿ ಇಸಿದುಕೊಳ್ಳಿ. ಕೊಟ್ಟಾಗಿದೆ ಅಂದರೆ ಚುನಾವಣಾಧಿಕಾರಿಗೆ ‘ನನ್ನ ಉಮೇದುವಾರಿಕೆ ವಾಪಸ್ ಪಡೆಯುತ್ತಿದ್ದೇನೆ’ ಅಂತ ಸಹಿ ಮಾಡಿದ ಬರಹ ಕೊಡಬೇಕು. ಕೊನೇ ದಿನ ಮತ್ತು ಗಂಟೆ ನೋಟಿಸಿನಲ್ಲೇ ಹಾಕಿರುತ್ತಾರೆ. ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆ. ನೀವೇ ಹೋಗಿ ಕೊಡಿ, ಮನೆಯ ಒಬ್ಬರು ಜೊತೆಗಿರಲಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಆ ಗಂಟೆ ದಾಟಿದರೆ ಏನೂ ಮಾಡಲು ಬರುವುದಿಲ್ಲ, ಮತಪತ್ರದಲ್ಲಿ ನಿಮ್ಮ ಹೆಸರು ಇರುತ್ತದೆ.

ವಾಪಸ್ ತೆಗೆಯುವಾಗ ಎದುರಿನವರು ರೊಕ್ಕ ಕೊಡಲು ಬರಬಹುದು. ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಚುನಾವಣೆಗೆ ನಿಲ್ಲುವುದು, ನಿಲ್ಲದೇ ಇರುವುದು, ವಾಪಸ್ ತೆಗೆಯುವುದು ಮೂರೂ ನಿಮ್ಮ ಹಕ್ಕು ಅಂತ ಅದರ 169ನೇ ಕಲಮಿನಲ್ಲಿ ಇದೆ. ಆ ಹಕ್ಕಿಗಾಗಿ ಲಂಚ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಅಂತ 170ನೇ ಕಲಮು ಹೇಳುತ್ತದೆ. ಒಂದು ವರ್ಷದವರೆಗೆ ಜೈಲು ಆಗಬಹುದು. ಹಳೆಯ ಐಪಿಸಿಯಲ್ಲೂ ಇದೇ ಇತ್ತು.

‘ನಿಲ್ಲದೇ ಇರುವುದು’ ಕೂಡ ಹಕ್ಕು ಅಂತ ಕಾಯ್ದೆಯೇ ಬರೆದಿದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆಗಲೇ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

‘ಹೋಗ್ಲಿ, ಪ್ರಚಾರಕ್ಕರೆ ಬಾ’

ಮೊದಲ ‘ಇಲ್ಲ’ಕ್ಕಿಂತ ಎರಡನೆಯದು ಕಷ್ಟ. ಒಂದು ಸಲ ಇಲ್ಲ ಅಂದಿದ್ದೇವೆ, ಇದಕ್ಕಾದರೂ ಹ್ಞೂಂ ಅನ್ನೋಣ ಅಂತ ಮನಸ್ಸು ಮೆತ್ತಗಾಗಿರುತ್ತದೆ. ಅವರಿಗೂ ಅದು ಗೊತ್ತು. ನಾನು ಬೇಡ ಅಂದ ಮೇಲೆ ಬೇರೊಬ್ಬಾಕೆಯನ್ನು ನಿಲ್ಲಿಸಿದರು. ವಾಪಸ್ ತೆಗೆಯುವ ದಿನ ಮುಗಿದ ಸಂಜೆಯೇ ಕಾಕಾ ಫೋನ್ ಮಾಡಿದರು. “ಆಕಿ ಸಂಗಡ ಓಣಿಯೊಳಗ ಒಂದು ಸುತ್ತು ಬಾ ತಂಗಿ, ಅಷ್ಟೇ. ಏನೂ ಮಾತಾಡಬ್ಯಾಡ.”

ಮಾತಾಡದೆ ಸುತ್ತಿದರೂ ಸಂಘದ ಅಧ್ಯಕ್ಷೆ ಆ ಕಡೆ ಅಂತಲೇ ಆಗುತ್ತದೆ. ನಮ್ಮ ಸಂಘದ 14 ಮಂದಿಯಲ್ಲಿ ಎರಡೂ ಪಕ್ಷದ ಮನೆಗಳಿವೆ. ನಾಳೆ ಸಾಲದ ಕಂತಿನ ಮಾತು ಬಂದಾಗ ಒಬ್ಬಳಿಗೆ ನಾನು ಕಟ್ಟುನಿಟ್ಟು ಮಾಡಿದರೆ ‘ವೋಟಿನ ಸಿಟ್ಟು’ ಅನ್ನುತ್ತಾಳೆ. ಸಂಘ ಒಡೆಯಲು ಅಷ್ಟು ಸಾಕು.

ಆಗ ಮಾಡಿದ ಒಂದು ಕೆಲಸ ಬಹಳ ಉಪಯೋಗಕ್ಕೆ ಬಂತು. ಆ ವಾರದ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದೆ. ಎಲ್ಲರೂ ಒಪ್ಪಿದ ಮೇಲೆ ನಡಾವಳಿ ಪುಸ್ತಕದಲ್ಲಿ ತಾರೀಕು ಹಾಕಿ ಬರೆದೆವು:

“ಮತ ಎಣಿಕೆ ಮುಗಿಯುವವರೆಗೆ ಸಂಘದ ಸಭೆಗೆ ಯಾವ ಅಭ್ಯರ್ಥಿಯನ್ನೂ ಕರೆಯುವುದಿಲ್ಲ. ಸಂಘದ ಹೆಸರು, ಬ್ಯಾನರ್, ಪುಸ್ತಕ ಯಾವ ಪ್ರಚಾರಕ್ಕೂ ಕೊಡುವುದಿಲ್ಲ. ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಯಾರ ಪರವಾಗಿಯೂ ಪ್ರಚಾರಕ್ಕೆ ಹೋಗುವುದಿಲ್ಲ. ಸದಸ್ಯರು ತಮ್ಮ ಇಷ್ಟದಂತೆ ಮತ ಹಾಕಬಹುದು, ಓಡಾಡಬಹುದು.”

14 ಸಹಿ ಆಯ್ತು. ಅದರಲ್ಲಿ ಇಬ್ಬರದು ಹೆಬ್ಬೆಟ್ಟು. ಆಮೇಲೆ ಕಾಕಾಗೆ, “ಸಂಘದಾಗ ಠರಾವ್ ಆಗ್ಯದ ಕಾಕಾ. ನಾನೇ ಸೈ ಮಾಡೀನಿ, ನಾನೇ ಮುರಿದ್ರ ಹ್ಯಾಂಗ?” ಅಂದೆ. ಅವರು ಪುಸ್ತಕ ತೋರಿಸು ಅನ್ನಲಿಲ್ಲ. ಎದುರು ಪಕ್ಷದ ಹೆಣ್ಣುಮಕ್ಕಳು ಬಂದು ಕೇಳಿದಾಗಲೂ ಅದೇ ಮಾತು ಹೇಳಿದೆ. ಅದು ಕಾಕಾನ ಕಿವಿಗೆ ಹೋಯಿತು. ಆವತ್ತಿನಿಂದ ಅವರಿಗೆ ನನ್ನ ಮೇಲೆ ನಂಬಿಕೆ ಬಂತು ಅಂತ ನನಗನ್ನಿಸುತ್ತದೆ.

ಒಂದು ಆಸೆಯೂ ತೋರಿಸಿದ್ದರು. ಗೆದ್ದರೆ ಸಂಘಕ್ಕೆ ಎರಡು ಹೊಸ ಮಷೀನ್ ಕೊಡಿಸುತ್ತೇವೆ ಅಂತ. ನನ್ನದು ಹಳೇ ಕಾಲಿನ ಮಷೀನ್, ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಮಷೀನ್ ಮನೆಗೆ ಬಂದರೆ ಐದು ವರ್ಷವೂ ಅವರು ಕರೆದ ಕಡೆ ಹೋಗಬೇಕಾಗುತ್ತಿತ್ತು.

ಸರ್ಕಾರಿ ನೌಕರರಿಗೆ ಈ ಕಷ್ಟವೇ ಇಲ್ಲ. ಅವರು ನಿಲ್ಲುವಂತಿಲ್ಲ, ಪ್ರಚಾರಕ್ಕೂ ಹೋಗುವಂತಿಲ್ಲ. ‘ನೌಕರಿ ನಿಯಮದಾಗ ಇಲ್ರಿ’ ಅಂದರೆ ಮುಗಿಯಿತು.

ಶಾಲು, ಫ್ಲೆಕ್ಸ್, ವಾಟ್ಸಾಪ್

ನಮ್ಮ ಕಡೆ ಯಾವ ಕಾರ್ಯಕ್ರಮಕ್ಕೆ ಹೋದರೂ ಶಾಲು ಹೊದಿಸುತ್ತಾರೆ. ಚುನಾವಣೆ ದಿನಗಳಲ್ಲಿ ಆ ಶಾಲಿಗೆ ಪಕ್ಷದ ಬಣ್ಣ ಇರುತ್ತದೆ. ಹೆಗಲಿಗೆ ಬಿದ್ದ ಐದು ನಿಮಿಷಕ್ಕೆ ಫೋಟೋ ಎಲ್ಲರ ಸ್ಟೇಟಸ್‌ನಲ್ಲಿ. ಆ ಹದಿನೈದು ದಿನ ಸನ್ಮಾನ ಇರುವ ಕಡೆ ಹೋಗದಿರುವುದೇ ಒಳ್ಳೆಯದು. ಹೋಗಲೇಬೇಕಾದ ಮದುವೆ, ಗೃಹಪ್ರವೇಶದಲ್ಲಿ ಯಾರಾದರೂ ಶಾಲು ತಂದರೆ ಎರಡೂ ಕೈ ಮುಂದೆ ಚಾಚಿ. ‘ಕೈಯಾಗ ಕೊಡ್ರಿ’ ಅನ್ನಿ. ಹೆಗಲಿಗೆ ಹಾಕಲು ಆಗುವುದಿಲ್ಲ, ತಂದವರಿಗೂ ಅವಮಾನ ಆಗುವುದಿಲ್ಲ.

ಕೇಳದೆ ಫ್ಲೆಕ್ಸ್‌ನಲ್ಲಿ ‘ಶುಭ ಕೋರುವವರು’ ಅಂತ ನಿಮ್ಮ ಫೋಟೋ ಹಾಕಿದರೆ ನೀವು ಹೋಗಿ ಹರಿಯಬೇಡಿ. ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಾಕಿಸಿದವರ ಹತ್ತಿರ ನೀವೇ ಹೋಗಿ, ಸಂಜೆಯೊಳಗೆ ತೆಗೆಸಿ ಅನ್ನಿ. ಕೇಳದಿದ್ದರೆ ಚುನಾವಣಾಧಿಕಾರಿಗೆ ಬರೆದುಕೊಡಿ.

ವಾಟ್ಸಾಪ್ ಗ್ರೂಪಿಗೆ ಸೇರಿಸಿದರೆ ಮಾತಿಲ್ಲದೆ ಹೊರಗೆ ಬಂದರೆ ಸಿಟ್ಟು ಅಂದುಕೊಳ್ಳುತ್ತಾರೆ. ಇಷ್ಟು ಬರೆದು ಬನ್ನಿ:

“ಎಲ್ಲರಿಗೂ ನಮಸ್ಕಾರ. ಈ ಚುನಾವಣೆಯಲ್ಲಿ ನಾನು ಯಾವ ಪಕ್ಷದ ಗ್ರೂಪಿನಲ್ಲೂ ಇರುವುದಿಲ್ಲ. ಅದಕ್ಕೆ ಹೊರಗೆ ಹೋಗುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.”

ಋಣ ಇದ್ದವರು ಕೇಳಿದಾಗ

ಇದಕ್ಕೆ ಸುಲಭದ ದಾರಿ ಇಲ್ಲ. ನನ್ನ ಮಗನಿಗೆ ಕಾಲು ಮುರಿದಾಗ ರಾತ್ರಿ ಗಾಡಿ ಮಾಡಿಕೊಂಡು ಕಲಬುರಗಿಗೆ ಕರೆದುಕೊಂಡು ಹೋದವರು ಇದೇ ಕಾಕಾ. ಅವರಿಗೆ ಇಲ್ಲ ಅನ್ನುವಾಗ ಗಂಟಲು ಕಟ್ಟಿತು.

ಋಣದ ಮಾತನ್ನು ಅವರು ಎತ್ತುವ ಮೊದಲು ನೀವೇ ಎತ್ತಿ. ಅವರು ಎತ್ತಿದರೆ ಅದು ಲೆಕ್ಕ ಕೇಳಿದಂತೆ ಆಗುತ್ತದೆ, ಇಬ್ಬರಿಗೂ ಕಹಿ. ನಾನು ಹೇಳಿದ್ದು ಹೀಗೆ: “ಆವತ್ತು ರಾತ್ರಿ ನೀವ್ ಬರದಿದ್ರ ನನ್ನ ಮಗನ ಗತಿ ಏನಿತ್ತೋ. ಅದು ನಾ ಮರೆಯಂಗಿಲ್ಲ ಕಾಕಾ. ನಿಮ್ಮ ಮನ್ಯಾಗ ಯಾವ ಕೆಲಸ ಇದ್ರೂ ಅರ್ಧ ರಾತ್ರಿ ಕರೀರಿ, ಬರ್ತೀನಿ. ಇದೊಂದು ಬ್ಯಾಡ್ರಿ.” ಬಾಯಿ ಮಾತಿಗೆ ಹೇಳಿದ್ದಲ್ಲ. ಮುಂದೆ ಅವರ ಮನೆಯ ಮದುವೆಗೆ ಹದಿನೆಂಟು ಜಂಪರ್ ಹೊಲಿದುಕೊಟ್ಟೆ, ರೊಕ್ಕ ತೆಗೆದುಕೊಳ್ಳಲಿಲ್ಲ.

ಅಂಗಡಿಯಲ್ಲಿ ಉದ್ರಿ ಕೊಡುವವರು, ಹೊಲ ಪಾಲಿಗೆ ಕೊಟ್ಟವರು ಕೇಳಿದರೆ ಇನ್ನೂ ಕಷ್ಟ. ಆಗಿದ್ದರೆ ಮೊದಲು ಬಾಕಿ ಎಷ್ಟಿದೆ ನೋಡಿ, ಆದಷ್ಟು ತೀರಿಸಿ, ಆಮೇಲೆ ಉತ್ತರ ಹೇಳಿ. ಎಲ್ಲರಿಗೂ ಇದು ಆಗುವ ಮಾತಲ್ಲ ಅಂತ ನನಗೂ ಗೊತ್ತು. ಆಗದಿದ್ದರೆ ಒಬ್ಬರೇ ಹೋಗಬೇಡಿ, ಇಬ್ಬರೂ ಗೌರವ ಕೊಡುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ.

ಮಾತು ಬೆದರಿಕೆಗೆ ತಿರುಗಿದರೆ ಅದು ಬೇರೆಯೇ ವಿಷಯ. ‘ನಿಲ್ಲದಿದ್ರ ನೋಡ್ಕೊಂತೀವಿ’ ಅನ್ನುವುದು ಅಪರಾಧ, ನ್ಯಾಯ ಸಂಹಿತೆಯ 171ನೇ ಕಲಮಿಗೆ ಬರುತ್ತದೆ. ಯಾರು, ಯಾವಾಗ, ಏನಂದರು ಅಂತ ಅದೇ ದಿನ ಬರೆದಿಟ್ಟು, ಚುನಾವಣಾಧಿಕಾರಿಗೂ ಪೊಲೀಸ್ ಠಾಣೆಗೂ ಬರಹದಲ್ಲಿ ಕೊಡಿ. ಅಲ್ಲಿಗೆ ಗೌರವದ ಮಾತು ನಿಲ್ಲಿಸಿ.

ಆಮೇಲೆ

22ಕ್ಕೆ ಹೋಗಿ ವೋಟು ಹಾಕಿದೆ. ಇಲ್ಲ ಅಂದವರು ವೋಟಿಗೂ ಹೋಗದಿದ್ದರೆ ಸಿಟ್ಟು ಇದೆ ಅಂತ ತಿಳಿಯುತ್ತಾರೆ. ಯಾರಿಗೆ ಹಾಕಿದೆ ಅಂತ ಇವತ್ತಿಗೂ ಹೇಳಿಲ್ಲ. 30ಕ್ಕೆ ಎಣಿಕೆ ಆಯ್ತು, ಗೆದ್ದವರ ಮನೆಗೂ ಸೋತವರ ಮನೆಗೂ ಹೋಗಿ ಬಂದೆ. ಕಾಕಾನ ಕಡೆಯಾಕೆ ಸೋತಿದ್ದಳು. ಕಾಕಾ ನನ್ನ ಹತ್ತಿರ ಜಾಸ್ತಿ ಮಾತಾಡಲಿಲ್ಲ, ನಾನೂ ಚುನಾವಣೆಯ ಮಾತು ತೆಗೆಯಲಿಲ್ಲ.

ಜನವರಿಯಲ್ಲಿ ಎಳ್ಳ ಅಮಾಸಿ ಬಂತು. ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಒಂದು ಬುಟ್ಟಿಯಲ್ಲಿಟ್ಟು ಕಾಕಾನ ಮನೆಗೆ ನಾನೇ ಒಯ್ದೆ. ಪ್ರತಿ ವರ್ಷ ಮಗನ ಕೈಲಿ ಕಳಿಸುತ್ತಿದ್ದೆ. ಕಾಕು ಬುಟ್ಟಿ ಇಸಿದುಕೊಂಡು ಒಳಗೆ ಹೋದರು. ಬರುವಾಗ ಖಾಲಿ ಬುಟ್ಟಿಯಲ್ಲಿ ಒಂದು ಹಸಿರು ಜಂಪರ್ ಪೀಸ್ ಇಟ್ಟು ತಂದರು, ಮೇಲೆ ಅಳತೆಗೆ ಸೊಸೆಯ ಹಳೇ ಜಂಪರ್. ಕಾಕಾ ಪಡಸಾಲೆಯಿಂದಲೇ, “ಶುಕ್ರವಾರದೊಳಗ ಬೇಕಂತ ನೋಡು ತಂಗಿ” ಅಂದರು.